ಓದುವ ಗುಂಪಿಗೆ ಕವಿತೆಯಂಥ ಹೆಸರು ಬೇಡ

ವಾಟ್ಸಾಪಿನಲ್ಲಿ ಓದುಗರ ಗುಂಪು ಕಟ್ಟುವವರು ನಮ್ಮಲ್ಲಿ ಮೊದಲು ಹುಡುಕುವುದು ಪುಸ್ತಕವನ್ನಲ್ಲ, ಹೆಸರನ್ನು. ಆ ಹೆಸರು ಎಲ್ಲಿಂದ ಬರುತ್ತದೆ ಎಂಬುದೂ ಹೆಚ್ಚುಕಡಿಮೆ ಗೊತ್ತಿರುವ ವಿಷಯವೇ. ಒಂದು ಕಡೆ ಅಕ್ಷರ, ನುಡಿ, ಸಾಹಿತ್ಯ, ಕಾವ್ಯ, ಜ್ಞಾನ ಎಂಬ ಪದಗಳಿವೆ. ಇನ್ನೊಂದು ಕಡೆ ಸಿರಿ, ಸಂಭ್ರಮ, ಧಾರೆ, ಲೋಕ, ವೇದಿಕೆ, ಬಳಗ. ಆ ಕಡೆಯದೊಂದು, ಈ ಕಡೆಯದೊಂದು ತೆಗೆದು ಜೋಡಿಸಿದರೆ ಹೆಸರು ಸಿದ್ಧ. ಯಾವುದನ್ನು ಯಾವುದಕ್ಕೆ ಸೇರಿಸಿದರೂ ಹೊಂದುತ್ತದೆ. ಹಾಗೆ ಎಲ್ಲಕ್ಕೂ ಹೊಂದುವ ಹೆಸರು ಯಾವುದನ್ನೂ ಹೇಳುತ್ತಿಲ್ಲ ಎಂಬ ಅನುಮಾನ ಮಾತ್ರ ಯಾರಿಗೂ ಬರುವುದಿಲ್ಲ.

ಇದರ ಹಿಂದೆ ಒಂದು ನಂಬಿಕೆ ಇದೆ, ಅದನ್ನು ಒಪ್ಪದವರು ಕಡಿಮೆ. ಹೆಸರು ಚೆಂದವಾಗಿರಬೇಕು, ವಿಶಾಲವಾಗಿರಬೇಕು, ಯಾರನ್ನೂ ಹೊರಗಿಡಬಾರದು. ಗುಂಪು ಏನು ಮಾಡುತ್ತದೆ, ಏನು ಮಾಡಬಾರದು ಎಂಬುದನ್ನೆಲ್ಲ ವಿವರಣೆಯ ಜಾಗದಲ್ಲಿ ಬರೆದರಾಯಿತು. ಹೆಸರಿನಲ್ಲೇನಿದೆ, ನಡೆಸುವವರು ಸರಿಯಿದ್ದರೆ ಗುಂಪು ತಾನೇ ದಾರಿ ಹಿಡಿಯುತ್ತದೆ. ಸಾಹಿತ್ಯದ ಗುಂಪಿಗೆ ಸಾಹಿತ್ಯಕವಲ್ಲದ ಹೆಸರಿಟ್ಟರೆ ಹೇಗೆ?

ಈ ನಂಬಿಕೆಯ ಒಂದೊಂದು ಮಾತೂ ತಪ್ಪು ಎಂಬುದು ನನ್ನ ವಾದ. ಓದುವ ಗುಂಪುಗಳು ಶುಭೋದಯದ ಗುಂಪುಗಳಾಗಿ ಕೊಳೆಯುವುದಕ್ಕೆ ಸದಸ್ಯರ ಅಶಿಸ್ತು ಕಾರಣ ಎಂದು ನಾವು ಗೊಣಗುತ್ತೇವೆ. ಬಹಳ ಸಲ ಕೊಳೆ ಶುರುವಾಗುವುದು ಹೆಸರಿನಿಂದ.

ಹೊಸಬರು ಗುಂಪನ್ನು ಮೊದಲು ಎಲ್ಲಿ ನೋಡುತ್ತಾರೆ ಎಂಬುದರಿಂದ ಆರಂಭಿಸೋಣ. ಲಿಂಕ್ ಒತ್ತಿ ಸೇರುವವರಿಗೆ ಸೇರುವ ಮುನ್ನ ಒಂದು ಪುಟ ಕಾಣುತ್ತದೆ; ಹೆಸರು, ಚಿತ್ರ, ವಿವರಣೆ ಅಲ್ಲಿರುತ್ತವೆ. ಅವರು ಅದನ್ನು ಒಂದು ಸಲ ನೋಡುತ್ತಾರೆ, ಸೇರುವ ಗುಂಡಿ ಒತ್ತುವ ಆತುರದಲ್ಲಿ. ಆದರೆ ನಮ್ಮ ಗುಂಪುಗಳಿಗೆ ಹೆಚ್ಚಿನವರು ಹಾಗೆ ಬರುವುದೇ ಇಲ್ಲ. ಯಾರೋ ಪರಿಚಯದವರು "ನಿಮ್ಮನ್ನೂ ಸೇರಿಸಿದೀನಿ ಮೇಡಂ" ಎಂದು ಸೇರಿಸಿರುತ್ತಾರೆ. ಸಂಜೆ ಫೋನು ತೆಗೆದಾಗ ಪಟ್ಟಿಯಲ್ಲಿ ಒಂದು ಹೊಸ ಸಾಲು ಕುಳಿತಿರುತ್ತದೆ. ಆ ಸಾಲಿನಲ್ಲಿರುವುದು ಹೆಸರು ಮತ್ತು ಕೊನೆಯ ಸಂದೇಶದ ಒಂದು ತುಣುಕು, ಅಷ್ಟೇ. ಸೇರುವುದಕ್ಕೆ ಮುಂಚಿನ ಮಾತುಕತೆ ಅವರಿಗೆ ತಾನಾಗಿ ಕಾಣುವುದಿಲ್ಲ. ಎರಡು ವರ್ಷದಿಂದ ಗುಂಪಿನಲ್ಲಿ ಎಂಥ ಒಳ್ಳೆಯ ಚರ್ಚೆ ನಡೆದಿದ್ದರೂ ಹೊಸಬರ ಪಾಲಿಗೆ ಗುಂಪು ಹುಟ್ಟಿದ್ದು ಈಗ. ವಿವರಣೆಯನ್ನು ಓದಬೇಕಾದರೆ ಗುಂಪಿನೊಳಗೆ ಹೋಗಿ, ಮೇಲಿನ ಹೆಸರನ್ನು ಒತ್ತಿ, ಇನ್ನೊಂದು ಪರದೆಗೆ ಹೋಗಬೇಕು. ಅಲ್ಲಿಯೂ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತವೆ. ಉಳಿದದ್ದನ್ನು ಮತ್ತೆ ಒತ್ತಿ ತೆರೆಯಬೇಕು. ಕಷ್ಟಪಟ್ಟು ಬರೆದ ನಿಯಮಾವಳಿ ಅಲ್ಲಿ ಸುರಕ್ಷಿತವಾಗಿ ಮಲಗಿರುತ್ತದೆ.

ಹೆಸರು ಹಾಗಲ್ಲ. ಸಂದೇಶ ಬಂದಾಗಲೆಲ್ಲ, ಬೀಗ ಹಾಕಿದ ಪರದೆಯ ಮೇಲೂ, ಕಳಿಸಿದವರ ಹೆಸರಿನ ಜೊತೆಗೆ ಗುಂಪಿನ ಹೆಸರು ಕಾಣುತ್ತದೆ. ವಿವರಣೆಯನ್ನು ಜನ ಜೀವಮಾನದಲ್ಲಿ ಒಮ್ಮೆ ನೋಡಿದರೆ ಹೆಸರನ್ನು ದಿನಕ್ಕೆ ಹತ್ತು ಸಲ ನೋಡುತ್ತಾರೆ. ಉದ್ದೇಶವನ್ನು ಒಮ್ಮೆ ನೋಡುವ ಜಾಗದಲ್ಲಿಟ್ಟು ಅಲಂಕಾರವನ್ನು ಹತ್ತು ಸಲ ನೋಡುವ ಜಾಗದಲ್ಲಿಡುವುದು ಯಾವ ಲೆಕ್ಕ? ಕೆಎಸ್‌ಆರ್‌ಟಿಸಿ ತನ್ನ ಬಸ್ಸಿಗೆ ಐರಾವತ ಎಂದೋ ಅಂಬಾರಿ ಎಂದೋ ಹೆಸರಿಡುತ್ತದೆ, ಆದರೆ ಮುಂದಿನ ಗಾಜಿನ ಮೇಲಿನ ಬೋರ್ಡಿನಲ್ಲಿ ಬರೆಯುವುದು ಹೋಗುವ ಊರನ್ನು. ಆನೆಯ ಹೆಸರು ನೋಡಿ ಯಾರೂ ಬಸ್ಸು ಹತ್ತುವುದಿಲ್ಲ.

ಇನ್ನು ಉದ್ದದ ಮಾತು. ವಾಟ್ಸಾಪು ಹೆಸರಿಗೆ 100 ಅಕ್ಷರಗಳವರೆಗೆ ಬಿಡುತ್ತದೆ. ಮುಂಚೆ 25ಕ್ಕೇ ನಿಲ್ಲಿಸುತ್ತಿತ್ತು. ಮಿತಿ ಹೆಚ್ಚಿದ್ದೇ ತಡ, ನಮ್ಮವರು ಹೆಸರಿನಲ್ಲಿ ಪ್ರಬಂಧ ಬರೆಯತೊಡಗಿದರು. ಆದರೆ ಪಟ್ಟಿಯ ಸಾಲು ಅಗಲವಾಗಲಿಲ್ಲ. ಸಾಧಾರಣ ಫೋನಿನಲ್ಲಿ ಎರಡು ಮೂರು ಕನ್ನಡ ಪದಗಳಾದ ಮೇಲೆ ಚುಕ್ಕಿ ಚುಕ್ಕಿ ಬೀಳುತ್ತದೆ. ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡಿರುವ ಹಿರಿಯರಿಗೆ ಇನ್ನೂ ಬೇಗ ಬೀಳುತ್ತದೆ, ಮತ್ತು ಓದುವ ಗುಂಪುಗಳಲ್ಲಿ ಹಿರಿಯರೇನು ಕಡಿಮೆ ಇರುವುದಿಲ್ಲ. "ಕನ್ನಡ ಸಾಹಿತ್ಯಾಸಕ್ತರ ಓದುಗ ಬಳಗ, ಬೆಂಗಳೂರು ದಕ್ಷಿಣ" ಎಂದು ಹೆಸರಿಟ್ಟರೆ ಪಟ್ಟಿಯಲ್ಲಿ ಉಳಿಯುವುದು "ಕನ್ನಡ ಸಾಹಿತ್ಯಾಸ…" ಎಂಬ ಅರ್ಧ ಪದ. ಅದೇ ಫೋನಿನಲ್ಲಿ "ಕನ್ನಡ" ಎಂದು ಶುರುವಾಗುವ ಇನ್ನೂ ನಾಲ್ಕು ಗುಂಪುಗಳಿರುತ್ತವೆ. ಓದು ಎಂಬ ಮುಖ್ಯ ಪದ ಚುಕ್ಕಿಯ ಆಚೆಗೆ ಹೋಯಿತು. ಈ ಕಾರಣಕ್ಕೆ ಹೆಸರಿನ ಮೊದಲ ಎರಡು ಪದಗಳೇ ಹೆಸರು. ಉಳಿದದ್ದು ಕಂಡರೆ ಲಾಭ, ಕಾಣದಿದ್ದರೆ ನಷ್ಟವಿಲ್ಲ ಎನ್ನುವಂತಿರಬೇಕು.

ಆ ಎರಡು ಪದ ಏನು ಹೇಳಬೇಕು? ಹೊಸಬರ ತಲೆಯಲ್ಲಿರುವ ಪ್ರಶ್ನೆಗಳು ದೊಡ್ಡ ತತ್ತ್ವಗಳಲ್ಲ. ಇಲ್ಲಿ ಎಲ್ಲರೂ ಒಂದೇ ಪುಸ್ತಕ ಓದುತ್ತಾರೋ, ಅವರವರು ಓದಿದ್ದನ್ನು ಅವರವರು ಹೇಳುತ್ತಾರೋ? ಓದಿ ಮುಗಿಸಿ ಬರಬೇಕೋ, ಓದುತ್ತಾ ಬರಬಹುದೋ? ನನಗೆ ಅರ್ಥವಾಗಲಿಲ್ಲ ಎಂದು ಹೇಳಿದರೆ ನಗುತ್ತಾರೋ? ಓದುವ ಗುಂಪುಗಳಲ್ಲಿ ಜಾತಿಗಳು ಹಲವಿವೆ, ಒಂದರ ರೂಢಿ ಇನ್ನೊಂದರಲ್ಲಿ ತಪ್ಪಾಗುತ್ತದೆ. ಪುಸ್ತಕ ಸೂಚಿಸುವ ಗುಂಪಿನಲ್ಲಿ ದಿನಕ್ಕೊಂದು ಮುಖಪುಟ ಹಾಕುವುದು ಸೇವೆ. ಒಂದೇ ಕಾದಂಬರಿಯನ್ನು ಜೊತೆಯಾಗಿ ಓದುವ ಗುಂಪಿನಲ್ಲಿ ಅದು ಗದ್ದಲ. ಓದಿ ಮುಗಿಸಿದವರ ಗುಂಪಿನಲ್ಲಿ ಕೊನೆಯ ಅಧ್ಯಾಯದ ಮಾತು ಸಹಜ. ಓದುತ್ತಿರುವವರ ಗುಂಪಿನಲ್ಲಿ ಅದು ಅಪರಾಧ. ಹೊಸಬರು ಮೊದಲ ದಿನವೇ ಈ ತಪ್ಪು ಮಾಡಿ, ಅಡ್ಮಿನ್ನರಿಂದ ಮೃದುವಾಗಿ ಗದರಿಸಿಕೊಂಡು, ಆಮೇಲೆ ಬಾಯಿ ಬಿಡುವುದೇ ಇಲ್ಲ. ಗುಂಪಿನಲ್ಲಿ ಇರುತ್ತಾರೆ, ಮ್ಯೂಟ್ ಮಾಡಿಕೊಂಡು.

ಬೇರೆಡೆ ಹೆಸರು ಈ ಕೆಲಸವನ್ನು ಹೇಗೆ ಮಾಡಿದೆ ನೋಡಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2012ರಲ್ಲಿ ಇಬ್ಬರು ಗೆಳತಿಯರು ಶುರುಮಾಡಿದ ಕೂಟದ ಹೆಸರು ಸೈಲೆಂಟ್ ಬುಕ್ ಕ್ಲಬ್. ಅಲ್ಲಿ ಇಂಥದ್ದೇ ಪುಸ್ತಕ ಎಂದಿಲ್ಲ; ಅವರವರ ಪುಸ್ತಕ ತಂದು ಜೊತೆಯಲ್ಲಿ ಕುಳಿತು ಸುಮ್ಮನೆ ಓದುವುದು. ಮೂರೇ ಪದಗಳ ಹೆಸರು, ಅದರಲ್ಲಿ ಒಂದು ಪದ ಎಲ್ಲ ಭಯವನ್ನೂ ತೆಗೆದುಹಾಕುತ್ತದೆ: ಇಲ್ಲಿ ಯಾರೂ ನಿಮ್ಮ ಅಭಿಪ್ರಾಯ ಕೇಳುವುದಿಲ್ಲ. ಅದು ಊರೂರಿಗೆ ಹಬ್ಬಿದೆ, ಹೋದ ಕಡೆಯೆಲ್ಲ ಯಾರೂ ವಿವರಿಸಿ ಹೇಳಬೇಕಾಗಿಲ್ಲ. 2009ರ ಬೇಸಿಗೆಯಲ್ಲಿ ಡೇವಿಡ್ ಫಾಸ್ಟರ್ ವಾಲೆಸ್‌ನ ಸಾವಿರ ಪುಟ ಮೀರುವ 'ಇನ್ಫಿನಿಟ್ ಜೆಸ್ಟ್' ಕಾದಂಬರಿಯನ್ನು ಅಂತರ್ಜಾಲದಲ್ಲಿ ಒಟ್ಟಿಗೆ ಓದಲು ಹೊರಟವರು ತಮ್ಮ ಓದಿಗೆ ಇಟ್ಟ ಹೆಸರು ಇನ್ಫಿನಿಟ್ ಸಮ್ಮರ್. ವಾರಕ್ಕೆ ಸುಮಾರು 75 ಪುಟ, ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ಯಾವ ಪುಸ್ತಕ, ಎಷ್ಟು ಕಾಲ ಎಂಬ ಎರಡೂ ಹೆಸರಿನಲ್ಲೇ ಇವೆ, ಅದರ ಮೇಲೊಂದು ಸಣ್ಣ ತಮಾಷೆಯೂ ಇದೆ. 2020ರ ಮಾರ್ಚಿನಲ್ಲಿ, ಜಗತ್ತೆಲ್ಲ ಬಾಗಿಲು ಹಾಕಿಕೊಂಡಾಗ, ಲೇಖಕಿ ಯಿಯುನ್ ಲೀ ಒಂದು ಪತ್ರಿಕೆಯ ಜೊತೆ ಸೇರಿ 'ವಾರ್ ಅಂಡ್ ಪೀಸ್' ಅನ್ನು ದಿನಕ್ಕೆ 12ರಿಂದ 15 ಪುಟದಂತೆ ಓದಿಸಿದರು; ಹೆಸರು ಟಾಲ್‌ಸ್ಟಾಯ್ ಟುಗೆದರ್. ಒಂಟಿಯಾಗಿ ಮನೆಯಲ್ಲಿ ಕುಳಿತವರಿಗೆ ಆ ಎರಡನೆಯ ಪದವೇ ಕರೆ. ನಮ್ಮ ಬೆಂಗಳೂರಿನ ಕಬ್ಬನ್ ರೀಡ್ಸ್ ಇನ್ನೂ ಸರಳ. ಎಲ್ಲಿ, ಏನು: ಕಬ್ಬನ್ ಪಾರ್ಕು, ಓದುವುದು. ಅದೇ ಅಚ್ಚಿನಲ್ಲಿ ದೆಹಲಿಯಲ್ಲಿ ಲೋಧಿ ರೀಡ್ಸ್ ಹುಟ್ಟಿತು, ಮುಂಬೈಯಲ್ಲಿ ಜುಹು ರೀಡ್ಸ್. ಸಿರಿ ಸಂಭ್ರಮಗಳಿಲ್ಲದೆಯೇ ಜನ ಚಾಪೆ ಹಿಡಿದು ಹೋಗುತ್ತಿದ್ದಾರೆ.

ಇವೆಲ್ಲ ಇಂಗ್ಲಿಷಿನವು, ನಮ್ಮ ಪರಂಪರೆ ಬೇರೆ ಎನ್ನುವವರಿದ್ದಾರೆ. ಪರಂಪರೆಯನ್ನೇ ನೋಡೋಣ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ 1920ರ ದಶಕದಲ್ಲಿ ಕೂಡಿದವರು ತಮ್ಮನ್ನು ಕರೆದುಕೊಂಡದ್ದು ಗೆಳೆಯರ ಗುಂಪು ಎಂದು. ಕನ್ನಡದ ಅತಿ ದೊಡ್ಡ ಕವಿಯೊಬ್ಬರು ಅಲ್ಲಿದ್ದರು; ಹೆಸರಿನಲ್ಲಿ ಕಾವ್ಯ ಇರಲಿಲ್ಲ. ಒಳಗೆ ಬರುವವನಿಗೆ ಅಲ್ಲಿ ಗುರುಶಿಷ್ಯರಿಲ್ಲ, ಅಧ್ಯಕ್ಷ ಕಾರ್ಯದರ್ಶಿಗಳಿಲ್ಲ, ಗೆಳೆತನವೇ ಅರ್ಹತೆ ಎಂಬುದು ಹೆಸರಿನಿಂದಲೇ ತಿಳಿಯುತ್ತಿತ್ತು. ಅದೇ ಊರಿನಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಹೆಸರು ಭಾರವಾಗಿ ಕೇಳಿದರೂ ಮಾಡುವ ಕೆಲಸವನ್ನೇ ಹೇಳುತ್ತದೆ. 1933ರಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಶುರುವಾದಾಗ ಚಂದಾದಾರರಿಗೆ ತಾವು ಪಡೆಯುವುದು ಒಂದು ಪುಸ್ತಕವಲ್ಲ, ಒಂದರ ಹಿಂದೊಂದು ಬರುವ ಪುಸ್ತಕಗಳು ಎಂಬುದು ಮಾಲೆ ಎಂಬ ಪದದಿಂದಲೇ ಗೊತ್ತಾಗುತ್ತಿತ್ತು. ಹಳಬರು ಚೆಂದಕ್ಕಾಗಿ ಉದ್ದೇಶವನ್ನು ಬಲಿಕೊಡಲಿಲ್ಲ.

ಇದಕ್ಕೆ ಎದುರಾಗಿ ಅಡಿಗರ 'ಸಾಕ್ಷಿ', ಅನಂತಮೂರ್ತಿಯವರ 'ರುಜುವಾತು' ಇಲ್ಲವೇ, ಅವು ರೂಪಕದ ಹೆಸರುಗಳಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅವು ಪತ್ರಿಕೆಗಳು. ಓದುಗನ ಕೈಗೆ ಬರುವಾಗ ಹೆಸರಿನ ಜೊತೆ ಮುಖಪುಟ, ಸಂಪಾದಕರ ಹೆಸರು, ಪರಿವಿಡಿ, ಸಂಪಾದಕೀಯ ಎಲ್ಲವೂ ಒಟ್ಟಿಗೇ ಬರುತ್ತಿದ್ದವು. ಹೆಸರು ಒಗಟಾಗಿದ್ದರೂ ಉತ್ತರ ಅದೇ ಕೈಯಲ್ಲಿತ್ತು. ಫೋನಿನ ಪಟ್ಟಿಯಲ್ಲಿ ಸಂಪಾದಕೀಯ ಇಲ್ಲ. ಹೆಸರೊಂದೇ ಇದೆ.

ಒಂದು ಉದಾಹರಣೆಯನ್ನು ಕಟ್ಟಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಶಿವಮೊಗ್ಗ, ಬೆಂಗಳೂರು, ಒಂದಿಬ್ಬರು ಅಮೆರಿಕದಲ್ಲಿ, ಹೀಗೆ ಮೂವತ್ತು ಜನ ಸೇರಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಬೇಕು ಎಂದುಕೊಂಡಿದ್ದಾರೆ. 1967ರ ಕಾದಂಬರಿ, ಆರೇಳುನೂರು ಪುಟದ ದಪ್ಪ ಪುಸ್ತಕ. ಬಹಳ ಜನರ ಮನೆಯಲ್ಲಿದೆ, ಮೊದಲ ನೂರು ಪುಟ ದಾಟಿದವರು ಕಡಿಮೆ. ಪಾತ್ರಗಳು ಒಬ್ಬರ ಹಿಂದೊಬ್ಬರು ಬರುತ್ತಲೇ ಇರುತ್ತಾರೆ, ಯಾರು ಯಾರ ಆಳು, ಯಾವ ಹಟ್ಟಿಯವರು ಎಂದು ನೆನಪಿಡುವುದರಲ್ಲೇ ಸುಸ್ತಾಗುತ್ತದೆ. ಆದ್ದರಿಂದ ಇವರ ತೀರ್ಮಾನ: ವಾರಕ್ಕೆ ಸ್ವಲ್ಪ ಸ್ವಲ್ಪ, ಆರೇಳು ತಿಂಗಳು, ಗೊತ್ತಾಗದ್ದನ್ನು ಕೇಳಿಕೊಂಡು. ಇಂಥ ಗುಂಪಿಗೆ ಹೆಸರು ಬೇಕು.

ಮೊದಲ ಸಲಹೆ, ಬರಲೇಬೇಕಾದದ್ದು: ಮಲೆನಾಡ ನುಡಿಸಿರಿ. ಹೊಸಬರು ಇದನ್ನು ನೋಡಿ ಏನು ಮಾಡುತ್ತಾರೆ? ಆಗುಂಬೆಯ ಮಳೆಯ ವಿಡಿಯೊ ಹಾಕುತ್ತಾರೆ. ಇನ್ನೊಬ್ಬರು ಕಡುಬಿನ ಚಿತ್ರ ಹಾಕುತ್ತಾರೆ, ಮತ್ತೊಬ್ಬರು ಅಣಬೆ ಸಾರಿನ ವಿಧಾನ ಕೇಳುತ್ತಾರೆ. ಯಾರದೂ ತಪ್ಪಿಲ್ಲ. ಹೆಸರು ಮಲೆನಾಡು ಎಂದಿತ್ತು, ಸಿರಿ ಎಂದಿತ್ತು. ಮಳೆ, ಕಡುಬು, ಅಣಬೆ ಮೂರೂ ಮಲೆನಾಡಿನ ಸಿರಿಯೇ.

ಎರಡನೆಯದು: ಕುವೆಂಪು ಅಭಿಮಾನಿ ಬಳಗ. ಇದರ ಅಪಾಯ ಬೇರೆ. ವಿಶ್ವಮಾನವ ಸಂದೇಶದ ಚಿತ್ರಗಳು ಬರುತ್ತವೆ, ಡಿಸೆಂಬರ್ 29ರಂದು ಮುನ್ನೂರು ಶುಭಾಶಯ ಬರುತ್ತದೆ. ಅದನ್ನಾದರೂ ಸಹಿಸಬಹುದು. ಕಾದಂಬರಿಯ ಒಂದು ಭಾಗ ಎಳೆದಂತಿದೆ ಎಂದು ಯಾರಾದರೂ ಬರೆದರೆ ಅದು ಓದಿನ ಮಾತಾಗಿ ಕೇಳುವುದಿಲ್ಲ, ದ್ರೋಹವಾಗಿ ಕೇಳುತ್ತದೆ. ಅಭಿಮಾನಿ ಎಂದು ಒಪ್ಪಿಕೊಂಡು ಒಳಗೆ ಬಂದವನು ಆಕ್ಷೇಪ ಎತ್ತುವ ಹಕ್ಕನ್ನು ಬಾಗಿಲಲ್ಲೇ ಬಿಟ್ಟುಬಂದಿರುತ್ತಾನೆ. ಲೇಖಕರ ಹೆಸರಿಗೆ ಅಭಿಮಾನ ಅಂಟಿಸಿದ ಗುಂಪಿನಲ್ಲಿ ಆ ಲೇಖಕರನ್ನು ಓದುವುದು ಕಷ್ಟ.

ಮೂರನೆಯವರು ವಿದ್ವಾಂಸರು. ಅವರದು ಕುವೆಂಪು ಕಾದಂಬರಿ ವಿಮರ್ಶಾ ವೇದಿಕೆ. ಇದು ಉದ್ದೇಶವನ್ನು ಸುಮಾರಾಗಿ ಹೇಳುತ್ತದೆ, ಧಾಟಿಯನ್ನು ಕೆಡಿಸುತ್ತದೆ. ವೇದಿಕೆ ಎಂದರೆ ಜನ ಭಾಷಣಕ್ಕೆ ನಿಲ್ಲುತ್ತಾರೆ. ಸಂದೇಶಗಳು "ಎಲ್ಲರಿಗೂ ನಮಸ್ಕಾರ" ಎಂದು ಶುರುವಾಗಿ ನಾಲ್ಕು ಪರದೆ ಉದ್ದವಾಗುತ್ತವೆ, "ಇತಿ ನಿಮ್ಮ ವಿಶ್ವಾಸಿ" ಎಂದು ಮುಗಿಯುತ್ತವೆ. ಭದ್ರಾವತಿಯಲ್ಲಿ ಕುಳಿತ ನರ್ಸೊಬ್ಬರಿಗೆ, ಈ ಐತ ಯಾರು, ಹಿಂದೆ ಬಂದಿದ್ದನಾ ಎಂದು ಕೇಳಬೇಕೆನ್ನಿಸಿದರೆ ವಿಮರ್ಶಾ ವೇದಿಕೆಯಲ್ಲಿ ಕೇಳಲಾರರು. ಆ ಪ್ರಶ್ನೆ ಕೇಳಲಿಕ್ಕೆಂದೇ ಗುಂಪು ಕಟ್ಟಿದ್ದು. ಇನ್ನೊಂದು ತುದಿಗೆ ಹೋಗಿ ಹರಟೆಕಟ್ಟೆ ಎಂದಿಟ್ಟರೆ ಸಂಕೋಚ ಹೋಗುತ್ತದೆ, ಚುನಾವಣೆ ಬರುತ್ತದೆ.

ನಾಲ್ಕನೆಯ ಸಲಹೆ ಜಾಣತನದ್ದು: ಮದುಮಗಳು ಓದು. ಚಿಕ್ಕದು, ನೇರ. ಆದರೆ ಪಟ್ಟಿಯಲ್ಲಿ "ಮದುಮಗಳು" ಎಂದು ನೋಡಿದ ಅರ್ಧ ಜನಕ್ಕೆ ಯಾರದೋ ಮದುವೆಯ ಗುಂಪು ಎನ್ನಿಸುತ್ತದೆ. ಅಂಥ ಗುಂಪುಗಳು ಎಲ್ಲರ ಫೋನಿನಲ್ಲೂ ಇವೆ, ಎಲ್ಲರೂ ಅವನ್ನು ಮ್ಯೂಟ್ ಮಾಡಿಟ್ಟಿದ್ದಾರೆ. ಅದಿರಲಿ, ಹಿಂದೆ ಎರಡು ಸಲ ಓದಿದವರು ಬಂದು ಕೊನೆಯಲ್ಲಿ ಏನಾಗುತ್ತದೆ ಎಂದು ಬರೆಯುವುದನ್ನು ಈ ಹೆಸರು ತಡೆಯುವುದಿಲ್ಲ. ಓದು ಎಂದಿದೆ, ಯಾವ ನಡೆಯ ಓದು ಎಂದಿಲ್ಲ.

ಐದನೆಯದು ಲೆಕ್ಕಿಗರದು: ವಾರಕ್ಕೆ 25 ಪುಟ. ನನಗೆ ಇದು ಮೊದಲ ನಾಲ್ಕಕ್ಕಿಂತ ಇಷ್ಟ. ಕೆಲಸ ಎಷ್ಟು ಎಂದು ಒಂದೇ ನೋಟಕ್ಕೆ ಹೇಳುತ್ತದೆ, ಅದು ಕಡಿಮೆ ಎಂಬ ಧೈರ್ಯವನ್ನೂ ಕೊಡುತ್ತದೆ. ತೊಡಕು ಎರಡು. ಒಂದು ಮುದ್ರಣದ ಪುಟ ಇನ್ನೊಂದು ಮುದ್ರಣದ ಪುಟವಲ್ಲ. ತಾತನ ಕಾಲದ ಪ್ರತಿ ಇರುವವರೂ ಹೊಸ ಪ್ರತಿ ಕೊಂಡವರೂ ಎರಡನೆಯ ವಾರಕ್ಕೇ ಬೇರೆ ಬೇರೆ ಕಡೆ ನಿಂತಿರುತ್ತಾರೆ. ಹಬ್ಬ ಬಂದು ಒಂದು ವಾರ ತಪ್ಪಿದರೆ ಹೆಸರೇ ಸುಳ್ಳಾಗುತ್ತದೆ. ಅಂಕಿ ವಾರದ ಸಂದೇಶದಲ್ಲಿರಲಿ, ಹೆಸರಿನಲ್ಲಿ ಬೇಡ.

ಕೊನೆಗೆ ನಿಲ್ಲುವುದು ಇದು: ನಿಧಾನ ಓದು: ಮಲೆಗಳಲ್ಲಿ ಮದುಮಗಳು. ಕಾವ್ಯವಿಲ್ಲ, ಪ್ರಾಸವಿಲ್ಲ, ಮತ ಹಾಕಿಸಿದರೆ ಖಂಡಿತ ಸೋಲುವ ಹೆಸರು. ಆದರೆ ಅದು ಮಾಡುವ ಕೆಲಸ ನೋಡಿ. ಪಟ್ಟಿಯಲ್ಲಿ ಕತ್ತರಿಸಿ ಹೋದರೂ "ನಿಧಾನ ಓದು: ಮಲೆಗ…" ಎಂಬಷ್ಟು ಉಳಿಯುತ್ತದೆ, ಕನ್ನಡ ಓದುವವರಿಗೆ "ಮಲೆಗ" ಎಂಬುದರಿಂದಲೇ ಪುಸ್ತಕ ಗೊತ್ತಾಗುತ್ತದೆ, ಮದುವೆಯ ಗೊಂದಲವೂ ಇಲ್ಲ. ನಿಧಾನ ಎಂಬ ಪದ ಹಿಂದುಳಿದವರಿಗೆ ಅಭಯ ಕೊಡುತ್ತದೆ, ಮುಂದೆ ಓಡಿದವರಿಗೆ ಲಗಾಮು ಹಾಕುತ್ತದೆ. ಎರಡನ್ನೂ ಯಾರನ್ನೂ ಗದರದೆ. ಓದು ಎಂದಿರುವುದರಿಂದ ಮಳೆಯ ವಿಡಿಯೊ ಹಾಕಲು ಕೈ ತಡೆಯುತ್ತದೆ. ವೇದಿಕೆ, ಕೇಂದ್ರ, ಪರಿಷತ್ತು ಇಲ್ಲದಿರುವುದರಿಂದ ನರ್ಸಮ್ಮ ತಮ್ಮ ಪ್ರಶ್ನೆ ಕೇಳುತ್ತಾರೆ. ಕಾದಂಬರಿ ಮುಗಿದ ಮೇಲೆ ಮುಂದಿನ ಅರ್ಧ ಮಾತ್ರ ಬದಲಾಯಿಸಿದರೆ ಸಾಕು: ನಿಧಾನ ಓದು: ಚಿದಂಬರ ರಹಸ್ಯ. ಹೆಸರು ಬದಲಾದಾಗ ಗುಂಪಿನೊಳಗೆ ತಾನಾಗಿ ಒಂದು ಸೂಚನೆ ಬರುತ್ತದಲ್ಲ, ಅದೇ ಹೊಸ ಪುಸ್ತಕದ ಘೋಷಣೆ. ಮೊದಲರ್ಧ ಹಾಗೇ ಇರುವುದರಿಂದ ಹುಡುಕುವವರಿಗೆ ಗುಂಪು ಕಳೆದುಹೋಗುವುದಿಲ್ಲ. ಒಂದು ಸಣ್ಣ ತೊಂದರೆ ಉಳಿಯುತ್ತದೆ: ಕನ್ನಡ ಕೀಲಿಮಣೆ ಇಲ್ಲದ ಫೋನಿನಲ್ಲಿ odu ಎಂದು ಒತ್ತಿ ಹುಡುಕಿದರೆ ಕನ್ನಡ ಲಿಪಿಯ ಹೆಸರು ಸಿಗುವುದಿಲ್ಲ. ಅಂಥವರು ಗುಂಪನ್ನು ಪಟ್ಟಿಯ ಮೇಲ್ಗಡೆ ಪಿನ್ ಮಾಡಿಕೊಳ್ಳಲಿ. ಅದಕ್ಕಾಗಿ ಹೆಸರನ್ನೇ ಇಂಗ್ಲಿಷ್ ಲಿಪಿಗೆ ತಿರುಗಿಸುವುದು ಕನ್ನಡ ಓದುವ ಗುಂಪಿಗೆ ತಕ್ಕದ್ದಲ್ಲ ಎಂಬುದು ನನ್ನ ಹಟ.

ಹೆಸರು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಗುಂಪಿನವರನ್ನು ಕೇಳಿ ಪ್ರಯೋಜನವಿಲ್ಲ. ಇಲ್ಲೇ ಎಲ್ಲರೂ ಎಡವುವುದು. ಮತದಾನದ ಸೌಲಭ್ಯ ಇದೆಯಲ್ಲ ಎಂದು ಐದು ಹೆಸರು ಹಾಕಿ ಮತ ಕೇಳುತ್ತಾರೆ. ಮತ ಹಾಕುವವರೆಲ್ಲ ಗುಂಪಿನ ಉದ್ದೇಶ ಆಗಲೇ ಗೊತ್ತಿರುವವರು. ಅವರಿಗೆ ಹೆಸರಿನಿಂದ ಮಾಹಿತಿ ಬೇಕಿಲ್ಲ, ಚೆಂದ ಬೇಕು. ಹೆಸರು ಯಾರಿಗಾಗಿ ಇದೆಯೋ ಆ ಹೊಸಬರಿಗೆ ಮತವಿಲ್ಲ. ಹಾಗಾಗಿ ಹೊರಗಿನವರೊಬ್ಬರಿಗೆ, ಓದುವ ಹವ್ಯಾಸ ಸ್ವಲ್ಪ ಇರುವ ಪಕ್ಕದ ಮನೆಯವರಿಗೋ ಕಚೇರಿಯ ಸಹೋದ್ಯೋಗಿಗೋ, ಬರೀ ಹೆಸರನ್ನು ಕಳಿಸಿ. ಏನೂ ವಿವರಿಸಬೇಡಿ. ಇಲ್ಲಿಗೆ ಸೇರಿದರೆ ಮೊದಲ ದಿನ ಏನು ಬರೆಯುತ್ತೀರಿ, ಏನನ್ನು ಬರೆಯುವುದಿಲ್ಲ, ಎರಡು ವಾರ ಓದಲಾಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ನಿಮ್ಮ ಗುಂಪಿನ ರೀತಿಗೆ ಹೊಂದಿದರೆ ಹೆಸರು ಗೆದ್ದಿತು. "ಯಾವುದೋ ಸಾಹಿತ್ಯದ ಗುಂಪಿರಬೇಕು" ಎಂಬ ಉತ್ತರ ಬಂದರೆ ಹೆಸರು ಸೋತಿತು, ಅದು ಎಷ್ಟೇ ಮಧುರವಾಗಿರಲಿ.

ಇಷ್ಟಾದ ಮೇಲೂ ಎರಡು ಆಕ್ಷೇಪ ಉಳಿಯುತ್ತವೆ. ಇಕ್ಕಟ್ಟಾದ ಹೆಸರು ಜನರನ್ನು ಓಡಿಸುತ್ತದೆ ಎಂಬುದು ಒಂದು. ಓಡಿಸುತ್ತದೆ, ನಿಜ. ಓದದವರನ್ನು. ಗುಂಪಿಗೆ ಸಾವಿರಕ್ಕಿಂತ ಹೆಚ್ಚು ಜನರನ್ನು ಸೇರಿಸಲು ವಾಟ್ಸಾಪು ಬಿಡುತ್ತದೆ ಎಂದ ಮಾತ್ರಕ್ಕೆ ಓದುವ ಗುಂಪು ಸಾವಿರ ಜನರದ್ದಾಗಬೇಕಿಲ್ಲ. ಆದರೂ ಈ ಆಕ್ಷೇಪದಲ್ಲಿ ಒಂದು ತಿರುಳಿದೆ: ಓದಿಗಿಂತ ಜೊತೆಗಾಗಿ ಬರುವವರಿದ್ದಾರೆ, ಬಂದಮೇಲೆ ಓದಲು ಕಲಿಯುವವರಿದ್ದಾರೆ, ಅವರನ್ನು ಕಳೆದುಕೊಳ್ಳಬಾರದು. ಅದಕ್ಕೆ ದಾರಿ ಇದೆ. 2022ರಿಂದ ವಾಟ್ಸಾಪಿನಲ್ಲಿ ಕಮ್ಯುನಿಟಿ ಎಂಬ ಸೌಲಭ್ಯ ಬಂದಿದೆ. ಒಂದು ದೊಡ್ಡ ಹೆಸರಿನಡಿ ಹಲವು ಗುಂಪುಗಳನ್ನಿಡಬಹುದು. ಆ ಮೇಲಿನ ಹೆಸರಿಗೆ ಬೇಕಾದರೆ ಅಕ್ಷರ ಸಂಭ್ರಮ ಎಂದೇ ಇಡಿ, ನನ್ನ ತಕರಾರಿಲ್ಲ. ಒಳಗಿನ ಗುಂಪುಗಳು ಮಾತ್ರ ನಿಧಾನ ಓದು, ಯಾವ ಪುಸ್ತಕ ಓದಲಿ, ಪುಸ್ತಕ ಕೊಡು ಕೊಳ್ಳು, ಹಬ್ಬದ ಶುಭಾಶಯ ಎಂದು ಮಾಡುವ ಕೆಲಸವನ್ನೇ ಹೇಳಲಿ. ಕೊನೆಯದನ್ನು ತಮಾಷೆಗೆ ಹೇಳಲಿಲ್ಲ. ಶುಭಾಶಯಕ್ಕೆ ಒಂದು ಮನೆ ಕೊಟ್ಟರೆ ಅದು ಬೇರೆಯವರ ಮನೆಗೆ ನುಗ್ಗುವುದು ಕಡಿಮೆಯಾಗುತ್ತದೆ.

ಇನ್ನೊಂದು, ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ: ಹೆಸರಿನಿಂದ ಏನೂ ಆಗುವುದಿಲ್ಲ, ಅಡ್ಮಿನ್ ಗಟ್ಟಿಯಾಗಿರಬೇಕು. ಅಡ್ಮಿನ್ ಗಟ್ಟಿಯಾಗಿರುವುದು ಯಾವುದರ ಆಧಾರದ ಮೇಲೆ? ಅಕ್ಷರ ಸಂಭ್ರಮ ಎಂಬ ಗುಂಪಿನಲ್ಲಿ ಒಬ್ಬರು ಸಂಕ್ರಾಂತಿಗೆ ಎಳ್ಳುಬೆಲ್ಲದ ಚಿತ್ರ ಹಾಕಿದರು ಎನ್ನಿ. ಅಡ್ಮಿನ್ ಅದನ್ನು ಅಳಿಸಿದರೆ ಆ ಹಿರಿಯರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಚಿತ್ರದ ಕೆಳಗೆ ನಾಲ್ಕು ಸಾಲು ಕವಿತೆ ಇದೆ, ಅಕ್ಷರವೂ ಇದೆ, ಸಂಭ್ರಮವೂ ಇದೆ, ತಪ್ಪೇನು? ಹೆಸರಿನ ಪ್ರಕಾರ ಅವರೇ ಸರಿ. ಅಡ್ಮಿನ್ ಆಗ ವಿವರಣೆಯ ಏಳನೆಯ ನಿಯಮ ತೋರಿಸಬೇಕು, ತೋರಿಸಿದವರು ದರ್ಪದವರಾಗುತ್ತಾರೆ, ಮೂವರು ಬೇಸರಗೊಂಡು ಗುಂಪು ಬಿಡುತ್ತಾರೆ. ಅದೇ ನಿಧಾನ ಓದು ಎಂಬ ಗುಂಪಿನಲ್ಲಾದರೆ ಅಡ್ಮಿನ್ ಬಾಯಿ ಬಿಡಬೇಕಾಗಿಯೇ ಇಲ್ಲ. ಪಕ್ಕದ ಸದಸ್ಯರೇ "ಸರ್, ಇದು ಓದಿನ ಗುಂಪು" ಎಂದುಬಿಡುತ್ತಾರೆ, ಹಾಕಿದವರೂ ಕ್ಷಮಿಸಿ ಎಂದು ತೆಗೆಯುತ್ತಾರೆ. ಹೆಸರು ಅಸ್ಪಷ್ಟವಾಗಿದ್ದಷ್ಟೂ ಅಡ್ಮಿನ್ ಪೊಲೀಸರಾಗಬೇಕಾಗುತ್ತದೆ. ಗಟ್ಟಿ ಅಡ್ಮಿನ್ ಬೇಕು ಎನ್ನುವವರು ತಮ್ಮ ಗುಂಪಿನ ಹೆಸರು ದುರ್ಬಲ ಎಂದು ತಾವೇ ಒಪ್ಪಿಕೊಳ್ಳುತ್ತಿದ್ದಾರೆ.

ಆದ್ದರಿಂದ ಓದುವ ಗುಂಪು ನಡೆಸುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಗುಂಪಿನ ಹೆಸರಿನಲ್ಲಿ ಓದು ಎಂಬ ಪದ ಇಲ್ಲದಿದ್ದರೆ ಸೇರಿಸಿ, ಇದ್ದರೆ ಮುಂದಕ್ಕೆ ತನ್ನಿ. ಅದರ ಪಕ್ಕದಲ್ಲಿ ಆ ಓದು ಹೇಗೆ ನಡೆಯುತ್ತದೆ ಎಂದು ಹೇಳುವ ಒಂದೇ ಒಂದು ಪದ ಇರಲಿ, ನಿಧಾನ, ಜೋರು, ಮೌನ, ಭಾನುವಾರ, ಯಾವುದು ನಿಜವೋ ಅದು. ಹೆಸರು ಬದಲಾಯಿಸುವ ಅಧಿಕಾರವನ್ನು ಸೆಟ್ಟಿಂಗಿನಲ್ಲಿ ಅಡ್ಮಿನ್ನರಿಗಷ್ಟೇ ಉಳಿಸಿಕೊಳ್ಳಿ, ಇಲ್ಲದಿದ್ದರೆ ರಾಜ್ಯೋತ್ಸವದ ದಿನ ಯಾರಾದರೂ ಉತ್ಸಾಹಿಗಳು ಅದನ್ನು ಮತ್ತೆ ನುಡಿಸಿರಿ ಮಾಡಿಬಿಡುತ್ತಾರೆ. ಚೆಂದ ಬೇಕೆನ್ನಿಸಿದರೆ ಗುಂಪಿನ ಚಿತ್ರಕ್ಕೆ ಓದುತ್ತಿರುವ ಪುಸ್ತಕದ ಮುಖಪುಟ ಹಾಕಿ. ಸಿರಿ, ಸಂಭ್ರಮ, ಧಾರೆಗಳನ್ನು ಸಮ್ಮೇಳನದ ಬ್ಯಾನರುಗಳಿಗೆ ಬಿಟ್ಟುಕೊಡಿ. ಅಲ್ಲಿ ಅವುಗಳಿಗೆ ಕೆಲಸವಿದೆ.